ಮಳೆ ಮುಗಿದ ಮೇಲೆ ಅಲುಗುವ ಹ್ಯಾಂಡ್‌ರೇಲ್

ಉಡುಪಿ ಕಡೆ ಕೆಲವು ಮನೆಗಳಲ್ಲಿ ಇದು ಪ್ರತಿ ವರ್ಷದ ಕತೆ. ಆಟಿ ತಿಂಗಳ ಮಳೆಯಲ್ಲಿ ಮೆಟ್ಟಿಲಿನ ಹ್ಯಾಂಡ್‌ರೇಲ್ ಗಟ್ಟಿಯಾಗಿರುತ್ತದೆ. ಜನವರಿಗೆ ಬಂದರೆ ಕಂಬದ ಹತ್ತಿರ ಟಕ್ ಟಕ್ ಅನ್ನುತ್ತದೆ. ಆಚಾರಿಯನ್ನು ಬೈಯುವ ಮೊದಲು ಒಳಗಿನ ಬೋಲ್ಟ್ ಏನು ಮಾಡುತ್ತಿದೆ ಅಂತ ನೋಡೋಣ.

ಮೆಟ್ಟಿಲ ತಿರುವಿನಲ್ಲಿ ಸಮತಟ್ಟಾಗಿ ಹೋಗುವ ತೇಗದ ರೇಲ್ ಒಂದನ್ನು ತೆಗೆದುಕೊಳ್ಳಿ. ಅದರ ತುದಿಗೆ ನೇರವಾಗಿ ಸ್ಕ್ರೂ ಹೊಡೆದರೆ ಹಿಡಿತ ಕಡಿಮೆ. ಎಳೆಯ ಉದ್ದಕ್ಕೂ ಹೋಗುವ ಸ್ಕ್ರೂ ನಾರುಗಳನ್ನು ಕತ್ತರಿಸಿಕೊಂಡು ಹೋಗುತ್ತದೆ. ಅದಕ್ಕೇ ಎರಡು ಥರದ ಥ್ರೆಡ್ ಇರುವ ಬೋಲ್ಟ್ ಬಳಸುತ್ತಾರೆ. ಸ್ಕ್ರೂ ಥರದ ಒರಟು ತುದಿ ಕಂಬದೊಳಗೆ, ನಟ್ ಕೂರುವ ಇನ್ನೊಂದು ತುದಿ ರೇಲಿನೊಳಗೆ. 8 ಮಿ.ಮೀ. ಬೋಲ್ಟಿಗೆ ಕಂಬದಲ್ಲಿ ಸುಮಾರು 6 ಮಿ.ಮೀ. ತೂತು, ರೇಲಿನ ತುದಿಯಲ್ಲಿ ಸ್ವಲ್ಪ ಸಡಿಲವಾಗಿ 10 ಮಿ.ಮೀ. ತೂತು. ಬೋಲ್ಟಿನ ಮೇಲೆ ಎರಡು ನಟ್ ಒಂದಕ್ಕೊಂದು ಬಿಗಿದು, ಅದನ್ನು ಸ್ಪಾನರಿನಿಂದ ತಿರುಗಿಸಿ ಕಂಬಕ್ಕೆ ಇಳಿಸಬೇಕು. ಆಮೇಲೆ ಎರಡನ್ನೂ ಬಿಚ್ಚಿ ತೆಗೆಯಬೇಕು.

ಇನ್ನು ರೇಲಿನ ಅಡಿಯಿಂದ, ತುದಿಗೆ 40 ಮಿ.ಮೀ. ದೂರದಲ್ಲಿ, 25 ಮಿ.ಮೀ. ತೂತು. ವಾಷರ್, ನಟ್ ಹಾಕಿ ಬಿಗಿಯುವುದು ಇಲ್ಲಿಂದಲೇ. ಈ ತೂತಿನ ಗೋಡೆ ದುಂಡು, ವಾಷರ್ ಚಪ್ಪಟೆ. ವಾಷರ್ ಕೂರುವ ಜಾಗವನ್ನು ಉಳಿಯಿಂದ ಸಮ ಮಾಡದಿದ್ದರೆ ಅದು ಅಂಚಿನಲ್ಲಷ್ಟೇ ಒತ್ತುತ್ತದೆ. ಅಲ್ಲಿ ನಾರು ಜಜ್ಜಿಹೋಗಿ ಬಿಗಿ ಬೇಗ ಇಳಿಯುತ್ತದೆ.

ಮರ ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ತೇಗ ತನ್ನ ತೇವದಲ್ಲಿ 1% ಕಳೆದುಕೊಂಡರೆ ಅಡ್ಡಕ್ಕೆ ಹೆಚ್ಚೆಂದರೆ ಸುಮಾರು 0.2% ಕುಗ್ಗುತ್ತದೆ. ಮಳೆಗಾಲದಲ್ಲಿ 18% ಇದ್ದ ತೇವ ಜನವರಿಯಲ್ಲಿ 12% ಆಯ್ತು ಅಂದುಕೊಳ್ಳಿ. 90 ಮಿ.ಮೀ. ಕಂಬದಲ್ಲಿ ಒಂದು ಮಿ.ಮೀ.ಗಿಂತ ತುಸು ಜಾಸ್ತಿ ಕಡಿಮೆಯಾಗುತ್ತದೆ. ಕಂಬದ ಆಚೆ ಬದಿಯಿಂದ ಪೂರ್ತಿ ತೂರಿಸಿದ ಬೋಲ್ಟ್ ಆಗಿದ್ದರೆ ಅಷ್ಟೂ ಸಡಿಲವಾಗಿ ಕಾಣುತ್ತದೆ, ಯಾಕೆಂದರೆ ಕಬ್ಬಿಣ ಕುಗ್ಗುವುದಿಲ್ಲ. ಈಚೆ ಮುಖದ ಹತ್ತಿರದಿಂದಲೇ ಥ್ರೆಡ್ ಹಿಡಿದಿದ್ದರೆ, ಬೋಲ್ಟಿನ ಹಿಡಿತಕ್ಕೂ ರೇಲಿಗೂ ನಡುವೆ ಕುಗ್ಗುವ ಮರವೇ ಕಡಿಮೆ. ಬಚ್ಚಿಟ್ಟ ಬೋಲ್ಟಿನ ದೊಡ್ಡ ಲಾಭ ಅಂದವಲ್ಲ, ಇದೇ ಅಂತ ನನ್ನ ಅಭಿಪ್ರಾಯ.

ಹಾಗಾದರೂ ಮೊದಲ ವರ್ಷ ಸ್ವಲ್ಪ ಸಡಿಲ ಆಗಿಯೇ ಆಗುತ್ತದೆ. ಮಳೆಯಲ್ಲಿ ಉಬ್ಬಿದ ಕಂಬ ರೇಲಿನ ತುದಿಗೆ ಒತ್ತಿ, ಕಂಬದ ಮುಖ ಒಂದಿಷ್ಟು ಜಜ್ಜಿಹೋಗಿರುತ್ತದೆ. ಸಂದಿಯಲ್ಲಿ ತೆಳು ಕಾಗದ ಹೋಗುತ್ತದಾ ನೋಡಿ. ಹೋದರೆ ಒಣ ತಿಂಗಳಲ್ಲೇ ಮತ್ತೊಮ್ಮೆ ಬಿಗಿಯಿರಿ. ಆದ್ದರಿಂದ ಅಡಿಯ ತೂತಿಗೆ ಹಾಕುವ ಮರದ ಬಿರಡೆಗೆ ಮೊದಲ ವರ್ಷ ಅಂಟು ಬೇಡ, ಸುಮ್ನೆ ಒತ್ತಿಟ್ಟರೆ ಸಾಕು.

ನಟ್ ತಿರುಗುತ್ತಲೇ ಇದೆ, ಸಂದಿ ಮಾತ್ರ ಮುಚ್ಚುತ್ತಿಲ್ಲ ಅಂದರೆ ಅಲ್ಲೇ ನಿಲ್ಲಿಸಿ. ಬೋಲ್ಟೇ ಕಂಬದೊಳಗೆ ತಿರುಗುತ್ತಿರಬಹುದು, ಇಲ್ಲವೇ ಮರದ ಥ್ರೆಡ್ ಕಿತ್ತುಹೋಗಿರಬಹುದು. ಇನ್ನೂ ಬಿಗಿದರೆ ತೂತು ದೊಡ್ಡದಾಗುತ್ತದೆ ಅಷ್ಟೇ. ರೇಲ್ ಬಿಚ್ಚಿ, ಹಳೇ ತೂತಿಗೆ ಎಪಾಕ್ಸಿ ಹಚ್ಚಿದ ಗಟ್ಟಿ ಮರದ ಗೂಟ ಹೊಡೆದು, ಅದು ಗಟ್ಟಿಯಾದ ಮೇಲೆ ಹೊಸ ತೂತು ಕೊರೆಯಬೇಕು.