ಹಾರ್ನ್ ಕೇಳಿಸುತ್ತದೆ, ಎಲ್ಲಿಂದ ಅಂತ ಗೊತ್ತಾಗುವುದಿಲ್ಲ

ಕಿವಿ ಪರೀಕ್ಷೆಗೆ ಬಂದವರು ಗಾಡಿ ಓಡಿಸುವವರಾದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು, "ರಸ್ತೆಯಲ್ಲಿ ಹಾರ್ನ್ ಕೇಳಿಸುತ್ತಾ?" ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: "ಅದೆಲ್ಲ ಚೆನ್ನಾಗಿ ಕೇಳಿಸುತ್ತೆ." ಅವರು ಹೇಳುವುದು ನಿಜ. ನಮ್ಮೂರಿನ ಹಾರ್ನ್‌ಗಳ ಸದ್ದಿಗೆ ಕಿವಿ ಸ್ವಲ್ಪ ಮಂದವಾದವರಿಗೂ ಏನೋ ಒಂದು ಕೇಳಿಸಿಯೇ ಕೇಳಿಸುತ್ತದೆ. ಎರಡನೆಯದು, "ಯಾವ ಕಡೆಯಿಂದ ಬಂತು ಅಂತ ತಿರುಗಿ ನೋಡದೆ ಹೇಳ್ತೀರಾ?" ಇಲ್ಲಿ ಬಹಳ ಜನ ತಡವರಿಸುತ್ತಾರೆ. ಜೊತೆಗೆ ಬಂದ ಹೆಂಡತಿಯೋ ಮಗನೋ ಆಗ ಬಾಯಿ ಬಿಡುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ನಲವತ್ತು ದಾಟಿದ ಎಲೆಕ್ಟ್ರಿಷಿಯನ್ ಒಬ್ಬರು. ಶ್ರೀರಂಗಪಟ್ಟಣದ ಕಡೆಯಿಂದ ದಿನಾ ಸ್ಕೂಟರ್‌ನಲ್ಲಿ ಮೈಸೂರಿಗೆ ಬಂದು ಹೋಗುತ್ತಾರೆ. ಚಿಕ್ಕಂದಿನಿಂದ ಎಡಗಿವಿ ಸೋರುತ್ತಿತ್ತು. ಮಳೆಗಾಲದಲ್ಲಿ ಜಾಸ್ತಿ, ಆಮೇಲೆ ತಾನೇ ನಿಲ್ಲುತ್ತಿತ್ತು. ಹಾಗಾಗಿ ಅದನ್ನು ಕಾಯಿಲೆ ಅಂತಲೇ ಅವರು ಲೆಕ್ಕಕ್ಕೆ ಇಟ್ಟಿರಲಿಲ್ಲ. ನನ್ನ ಹತ್ತಿರ ಬಂದಿದ್ದು ಕಿವಿಗಾಗಿ ಅಲ್ಲ ಅಂತಲೇ ಹೇಳಬೇಕು. ಒಂದೇ ವರ್ಷದಲ್ಲಿ ಎರಡು ಸಲ ಬೈಕ್‌ಗೆ ತಾಗಿ ಬಿದ್ದಿದ್ದರು. ಎರಡೂ ಸಲ ಎಡಗಡೆ. ಎರಡನೇ ಸಲ ಮಣಿಕಟ್ಟು ಮುರಿದಿತ್ತು. ಅವರ ಮಾತು ಇದು: "ಹಾರ್ನ್ ಕೇಳಿಸ್ತು ಮೇಡಂ. ಬಲಗಡೆಯಿಂದ ಬರ್ತಿದ್ದಾನೆ, ದಾರಿ ಬಿಡೋಣ ಅಂತ ಎಡಕ್ಕೆ ಸರಿದೆ. ನೋಡಿದ್ರೆ ಅವನು ಎಡಗಡೆನೇ ಇದ್ದ."

ಸದ್ದು ಎಲ್ಲಿಂದ ಬಂತು ಅಂತ ತಿಳಿಯಲು ಎರಡೂ ಕಿವಿ ಬೇಕು. ಎಡಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮೊದಲು ಮುಟ್ಟುತ್ತದೆ, ಬಲಗಿವಿಯನ್ನು ಒಂದಿಷ್ಟು ತಡವಾಗಿ. ಆ ತಡ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಇನ್ನೊಂದು ಸುಳಿವೂ ಇದೆ. ತಲೆ ಅಡ್ಡ ಇರುವುದರಿಂದ ದೂರದ ಕಿವಿಗೆ ಸದ್ದು ಸ್ವಲ್ಪ ಇಳಿದು ತಲುಪುತ್ತದೆ. ಸದ್ದು ತೀಕ್ಷ್ಣವಾಗಿದ್ದಷ್ಟೂ ಈ ಇಳಿತ ಜಾಸ್ತಿ. ಈ ಎರಡನ್ನೂ ಮಿದುಳು ಹೋಲಿಸಿ ನೋಡಿ ದಿಕ್ಕು ಹೇಳುತ್ತದೆ. ನಾವು ಯೋಚನೆ ಮಾಡುವ ಮೊದಲೇ ಕೈ ಹ್ಯಾಂಡಲ್ ತಿರುಗಿಸಿರುತ್ತದೆ.

ಈಗ ಎಲೆಕ್ಟ್ರಿಷಿಯನ್ ಅವರ ಲೆಕ್ಕ ನೋಡಿ. ಅವರ ಬಲಗಿವಿ ಸರಿಯಾಗಿತ್ತು, 20 ಡೆಸಿಬೆಲ್ ಒಳಗಿನ ಮೆಲ್ಲನೆಯ ಸದ್ದೂ ಅದಕ್ಕೆ ಕೇಳಿಸುತ್ತಿತ್ತು. ಎಡಗಿವಿ 50 ಡೆಸಿಬೆಲ್‌ಗೆ ನಿಂತಿತ್ತು, ಅದಕ್ಕಿಂತ ಮೆಲ್ಲನೆಯ ಸದ್ದು ಕೇಳಿಸುತ್ತಿರಲಿಲ್ಲ. ಅಂದರೆ ಮಾಮೂಲಿ ಮಾತುಕತೆಯ ಮಟ್ಟದ ಸದ್ದನ್ನೂ ಆ ಕಿವಿ ಕಷ್ಟಪಟ್ಟು ಹಿಡಿಯುತ್ತಿತ್ತು. ಎಡ ಹಿಂಬದಿಯಿಂದ ಬಂದ ಬೈಕ್‌ನ ಹಾರ್ನ್ ಅವರ ಎಡಗಿವಿಯ ಹತ್ತಿರ 100 ಡೆಸಿಬೆಲ್ ಇತ್ತು ಅಂದುಕೊಳ್ಳಿ. 50 ಕಳೆದರೆ ಅಲ್ಲಿ ಉಳಿಯುವುದು 50. ಅದೇ ಹಾರ್ನ್ ತಲೆ ಸುತ್ತಿ ಬಲಗಿವಿಗೆ ಹೋಗುವಾಗ ಹತ್ತು ಕಡಿಮೆಯಾಗಿ 90 ಆಗುತ್ತದೆ. ಬಲಗಿವಿಯಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಜೋರಾಗಿಯೇ ಕೇಳಿಸುತ್ತದೆ. ಸದ್ದು ಹೊರಟಿದ್ದು ಎಡಗಡೆಯಿಂದ, ಜೋರಾಗಿ ಕೇಳಿಸಿದ್ದು ಬಲಗಡೆ. ಮಿದುಳು "ಬಲ" ಅನ್ನುತ್ತದೆ. ಎಡಬದಿಯಲ್ಲಿ ಹೋಗಿ, ಬಲಗಡೆಯಿಂದ ಓವರ್‌ಟೇಕ್ ಮಾಡಿ ಅನ್ನುವುದು ನಮ್ಮ ನಿಯಮ. ಹಾಗಾಗಿ ಹಿಂದಿನವನಿಗೆ ದಾರಿ ಬಿಡಲು ಎಡಕ್ಕೆ ಸರಿಯುವುದೇ ಅಭ್ಯಾಸ. ಆದರೆ ಸಂದು ಸಿಕ್ಕರೆ ಎಡಗಡೆಯಿಂದ ನುಗ್ಗುವ ಬೈಕ್‌ಗಳಿಗೇನು ಬರವೇ? ಎಡಗಿವಿ ಮಂದವಾದ ಸವಾರ ಒಳ್ಳೆಯ ಮನಸ್ಸಿನಿಂದ ದಾರಿ ಬಿಡಲು ಹೋಗಿ ನೇರವಾಗಿ ಆ ಬೈಕ್‌ಗೇ ಅಡ್ಡ ಬರುತ್ತಾನೆ. ಬಿದ್ದ ಮೇಲೆ ಇಬ್ಬರೂ ಜಗಳ ಆಡುತ್ತಾರೆ. "ಹಾರ್ನ್ ಹೊಡೆದೆನಲ್ಲಾ" ಅಂತ ಅವನು, "ಕೇಳಿಸ್ತು, ಅದಕ್ಕೇ ಸರಿದೆ" ಅಂತ ಇವನು. ಇಬ್ಬರ ಮಾತೂ ನಿಜ. ಪೊಲೀಸರ ಕಾಗದದಲ್ಲಿ ಮಾತ್ರ ಕಿವಿಯ ವಿಷಯ ಬರುವುದೇ ಇಲ್ಲ.

ಇದು ಒಂದು ಕಿವಿ ಹೋದವರ ಕಥೆ. ಎರಡೂ ಕಿವಿ ನಿಧಾನವಾಗಿ ಮಂದವಾದವರ ತೊಂದರೆ ಬೇರೆ ಥರ. ವಯಸ್ಸಿನಿಂದಾಗಲಿ, ವರ್ಷಗಟ್ಟಲೆ ಇಂಜಿನ್ ಸದ್ದಿನಲ್ಲಿ ಕೂತಾಗಲಿ ಕಿವಿ ಹಾಳಾದರೆ ಮೊದಲು ಹೋಗುವುದು ತೀಕ್ಷ್ಣ ಸದ್ದುಗಳು. ಯಾವ ಸದ್ದು ಎಷ್ಟು ಕೇಳಿಸುತ್ತದೆ ಅಂತ ಅಳೆದು ತೋರಿಸುವ ನಕ್ಷೆಯೇ ಆಡಿಯೋಗ್ರಾಂ. ಸದ್ದಿನ ನಡುವೆ ಕೆಲಸ ಮಾಡಿದ ಡ್ರೈವರ್‌ಗಳ ಆಡಿಯೋಗ್ರಾಂನಲ್ಲಿ 4000 ಹರ್ಟ್ಸ್ ಹತ್ತಿರ ಒಂದು ಗುಳಿ ಬೀಳುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಟ್ರಾಫಿಕ್ಕಿನ ಸದ್ದು ಹೆಚ್ಚಾಗಿ ದಪ್ಪ ಸದ್ದು. ಅದರ ನಡುವೆ ಹಾರ್ನ್ ಎದ್ದು ಕೇಳಿಸುವುದು ಅದರಲ್ಲಿರುವ ತೀಕ್ಷ್ಣ ಭಾಗದಿಂದ. ಆ ಭಾಗವೇ ಕಿವಿಗೆ ಬೀಳದಿದ್ದರೆ ಹಾರ್ನ್ ಉಳಿದ ಗದ್ದಲದಲ್ಲಿ ಸೇರಿಹೋಗುತ್ತದೆ.

ಆಂಬ್ಯುಲೆನ್ಸ್ ಸೈರನ್ ವಿಷಯದಲ್ಲಿ ಇದು ಸಮಯದ ಲೆಕ್ಕವಾಗುತ್ತದೆ. ತೆರೆದ ಜಾಗದಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 3 ಮೀಟರ್‌ನಲ್ಲಿ 115 ಇರುವ ಸೈರನ್ 48 ಮೀಟರ್‌ಗೆ 91 ಆಗಿರುತ್ತದೆ. ಗಾಜು ಏರಿಸಿದ ಕಾರು ಅದರಲ್ಲಿ ಸುಮಾರು 30 ತಡೆಯಿತು ಅಂತಿಟ್ಟುಕೊಳ್ಳಿ. ಒಳಗೆ ತಲುಪುವುದು 61. ಏಸಿ ಮತ್ತು ಹಾಡಿನ ಸದ್ದೂ ಅಷ್ಟೇ ಇರುತ್ತದೆ. ಸೈರನ್ ಏರುತ್ತಾ ಇಳಿಯುತ್ತಾ ಕೂಗುವುದರಿಂದ ಒಳ್ಳೆಯ ಕಿವಿ ಅದನ್ನು ಹೇಗೋ ಹಿಡಿದುಬಿಡುತ್ತದೆ. ಮಂದ ಕಿವಿಗೆ ಇನ್ನೂ 6 ಡೆಸಿಬೆಲ್ ಬೇಕಾದರೆ ಆಂಬ್ಯುಲೆನ್ಸ್ 24 ಮೀಟರ್‌ವರೆಗೆ ಹತ್ತಿರ ಬರಬೇಕು. ನಿಮಗಿಂತ ಗಂಟೆಗೆ 20 ಕಿಲೋಮೀಟರ್ ವೇಗವಾಗಿ ಅದು ಬರುತ್ತಿದ್ದರೆ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಪಕ್ಕಕ್ಕೆ ಸರಿಯಲು ಇದ್ದ ಸಮಯದಲ್ಲಿ ನಾಲ್ಕು ಸೆಕೆಂಡಿಗಿಂತ ಜಾಸ್ತಿ ಹೋಯಿತು. ಉಳಿಯುವುದೂ ಅಷ್ಟೇ. 2019ರ ತಿದ್ದುಪಡಿಯ ನಂತರ ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಜೈಲು. ಬೇಕಂತಲೇ ಅಡ್ಡ ನಿಂತವನೂ ಕೇಳಿಸದೆ ನಿಂತವನೂ ಹಿಂದಿನಿಂದ ನೋಡಿದವರಿಗೆ ಒಂದೇ ಥರ ಕಾಣುತ್ತಾರೆ.

ಇಷ್ಟು ಓದಿ, ಹಾಗಾದರೆ ಕಿವಿ ಕೇಳದವರು ಗಾಡಿ ಓಡಿಸಲೇಬಾರದಾ ಅಂತ ಅನ್ನಿಸಬಹುದು. ಖಂಡಿತ ಹಾಗಲ್ಲ. ಕಿವುಡರಿಗೂ ಲೈಸೆನ್ಸ್ ಕೊಡಬಹುದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಅದು ಸರಿಯಾದ ನಿರ್ಧಾರ ಅಂತ ನಾನು ನಂಬುತ್ತೇನೆ. ಹುಟ್ಟಿನಿಂದ ಕಿವಿ ಕೇಳದವರು ಕಿವಿಯನ್ನು ನೆಚ್ಚಿಕೊಳ್ಳುವುದೇ ಇಲ್ಲ. ಅವರ ಕಣ್ಣು ಕ್ಷಣಕ್ಷಣಕ್ಕೂ ಕನ್ನಡಿಗೆ ಹೋಗುತ್ತದೆ. ನನಗೆ ಭಯ ಇರುವುದು ಕಿವಿ ಮಂದವಾಗಿದೆ ಅಂತ ಗೊತ್ತಿಲ್ಲದವರ ಬಗ್ಗೆ. ಕಿವಿ ಸುಳ್ಳು ಹೇಳಲು ಶುರು ಮಾಡಿ ಹತ್ತು ವರ್ಷವಾಗಿದ್ದರೂ ಅವರು ಅದನ್ನೇ ನಂಬಿ ಓಡಿಸುತ್ತಿರುತ್ತಾರೆ.

ನಲವತ್ತು ದಾಟಿದವರು ಲೈಸೆನ್ಸ್‌ಗೆ ಕೊಡಬೇಕಾದ ಫಾರಂ 1ಎ ಅನ್ನುವ ವೈದ್ಯಕೀಯ ಸರ್ಟಿಫಿಕೇಟ್‌ನಲ್ಲಿ ಕಿವಿಯ ಪ್ರಶ್ನೆ ಇದೆ. ಮಾಮೂಲಿ ಸದ್ದಿನ ಸೂಚನೆಗಳು ಕೇಳಿಸದಷ್ಟು ಕಿವುಡು ಇದೆಯೇ ಅಂತ. ಆಡಿಯೋಗ್ರಾಂ ಕೇಳುವುದಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಎದುರು ಕೂತ ಡಾಕ್ಟರ್ ಹೆಸರು, ವಯಸ್ಸು ಕೇಳುತ್ತಾರೆ, ಇವರು ಉತ್ತರ ಕೊಡುತ್ತಾರೆ. ಒಂದು ಕಿವಿ ಪೂರ್ತಿ ಹೋದವರೂ ಅಲ್ಲಿ ಸಲೀಸಾಗಿ ಪಾಸ್ ಆಗುತ್ತಾರೆ. ವೃತ್ತಿ ಡ್ರೈವರ್‌ಗಳಿಗಾದರೂ ಎರಡೂ ಕಿವಿಯ ಆಡಿಯೋಗ್ರಾಂ ಕಡ್ಡಾಯ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ನಾವೇ ಗಮನಿಸಬೇಕು. ನಾನು ಮೊದಲು ವಿಚಾರಿಸುವುದು ಇಂಡಿಕೇಟರ್ ಬಗ್ಗೆ. ತಿರುಗಿದ ಮೇಲೂ ಮೈಲಿಗಟ್ಟಲೆ ಇಂಡಿಕೇಟರ್ ಹಾಕಿಕೊಂಡೇ ಹೋಗುತ್ತೀರಾ? ಅದರ ಟಿಕ್ ಟಿಕ್, ಸ್ಕೂಟರ್‌ನ ಕೀಂ ಕೀಂ, ಕಾರಿನ ರಿವರ್ಸ್ ಬೀಪ್ ಎಲ್ಲವೂ ತೀಕ್ಷ್ಣ ಸದ್ದುಗಳು. ಹಿಂದೆ ಕೂತವರಿಗೆ ಕೇಳಿಸಿ ನಿಮಗೆ ಕೇಳಿಸುತ್ತಿಲ್ಲ ಅಂದರೆ ಅದು ಬರೀ ಮರೆವು ಅಲ್ಲ. "ಇವನು ಎಲ್ಲಿಂದ ಬಂದ?" ಅಂತ ಪದೇ ಪದೇ ಬೆಚ್ಚುವುದು ಇನ್ನೊಂದು ಗುರುತು. ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುತ್ತೀರಾ ಅಂತಲೂ ನೋಡಿಕೊಳ್ಳಿ. ಇನ್ನೊಂದು ಕಿವಿಗೆ ಹಿಡಿದಾಗ ಮಾತು ಮಂಕಾದರೆ ಪರೀಕ್ಷೆ ಮಾಡಿಸಿ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಕಣ್ಣು ಮುಚ್ಚಿ ಕೂರಿ. ಬೇರೆಯವರು ನಿಮ್ಮ ಹಿಂದೆ ಎರಡು ಮಾರು ದೂರದಲ್ಲಿ ನಿಂತು ಬೀಗದ ಕೈ ಗೊಂಚಲನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಕ್ರಮ ಇಲ್ಲದೆ ಅಲ್ಲಾಡಿಸಲಿ. ನೀವು ಬೆರಳು ತೋರಿಸಿ. ಹತ್ತರಲ್ಲಿ ಎರಡು ಮೂರು ಸಲ ತಪ್ಪಿದರೂ ಆಡಿಯೋಗ್ರಾಂ ಮಾಡಿಸಿ. ಎಲ್ಲ ಸರಿ ಹೇಳಿದರೂ ಎರಡೂ ಕಿವಿ ಸಮನಾಗಿ ಮಂದವಾಗಿರಬಹುದು, ಅದನ್ನು ಈ ಪರೀಕ್ಷೆ ಹಿಡಿಯುವುದಿಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ, ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಹೋದರೆ ಗುಗ್ಗೆ ಇರಬೇಕು ಅಂತ ಎಣ್ಣೆ ಬಿಟ್ಟುಕೊಂಡು ಕೂರಬೇಡಿ. ಅಂದೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಆ ಕಿವಿ ಉಳಿಯುವ ಸಾಧ್ಯತೆ ಮೊದಲ ಕೆಲವು ದಿನಗಳಲ್ಲೇ ಹೆಚ್ಚು.

ಎಲೆಕ್ಟ್ರಿಷಿಯನ್ ಅವರ ಎಡಗಿವಿಯ ತಮಟೆಯಲ್ಲಿ ತೂತು ಇತ್ತು. ಕಿವಿಯ ಹಿಂದಿನ ಮೂಳೆಯ ಮೂಲಕ ಸದ್ದು ಕೊಟ್ಟರೆ 10 ಡೆಸಿಬೆಲ್‌ಗೇ ಕೇಳಿಸುತ್ತಿತ್ತು. ಅಂದರೆ ನರ ಚೆನ್ನಾಗಿದೆ, ಸದ್ದು ಒಳಗೆ ಹೋಗುವ ದಾರಿ ಮಾತ್ರ ಕೆಟ್ಟಿದೆ. ಇಂಥ ಕಿವಿಗೆ ಆಪರೇಷನ್ ಇದೆ. ಇಎನ್‌ಟಿ ಡಾಕ್ಟರ್ ಮೊದಲು ಔಷಧಿ ಕೊಟ್ಟು ಸೋರುವುದನ್ನು ನಿಲ್ಲಿಸಿದರು. ಆಮೇಲೆ ಕಿವಿಯ ಮೇಲ್ಭಾಗದ ಸ್ನಾಯುವಿನ ಮೇಲಿರುವ ತೆಳು ಪೊರೆ ತೆಗೆದು ತಮಟೆಗೆ ತೇಪೆ ಹಾಕಿದರು. ಮೂರು ತಿಂಗಳ ನಂತರ ನಾನು ಅಳೆದಾಗ ಎಡಗಿವಿ 25ಕ್ಕೆ ಬಂದಿತ್ತು. ಆದರೂ ದಿಕ್ಕು ಹಿಡಿಯುವುದು ಅಭ್ಯಾಸವಾಗಲು ಇನ್ನೂ ಕೆಲವು ವಾರ ಬೇಕಾಯಿತು. ಅಷ್ಟೂ ದಿನ "ಕಿವಿ ನಂಬಬೇಡಿ, ಕನ್ನಡಿ ನೋಡಿ" ಅಂತ ಹೇಳಿದ್ದೆ. ಅವರ ಸ್ಕೂಟರ್‌ನ ಎಡ ಕನ್ನಡಿ ಎಂದೋ ಮುರಿದು ಹೋಗಿತ್ತು. ಅದನ್ನು ಮೊದಲು ಹಾಕಿಸಿದರು.

ನರ ದುರ್ಬಲವಾದವರಿಗೆ ಕಿವಿ ಮಿಷನ್ ಬೇಕಾಗುತ್ತದೆ. ಗಾಡಿ ಓಡಿಸುವವರು ಅದನ್ನು ಹಾಕುವ ಆಡಿಯಾಲಜಿಸ್ಟ್‌ಗೆ ಆ ವಿಷಯ ಹೇಳಲೇಬೇಕು. ಈಗಿನ ಎಷ್ಟೋ ಮಿಷನ್‌ಗಳು ಗದ್ದಲದಲ್ಲಿ ಎದುರಿನವರ ಮಾತನ್ನು ಎತ್ತಿಕೊಟ್ಟು ಹಿಂದಿನ ಸದ್ದನ್ನು ತಗ್ಗಿಸುತ್ತವೆ. ಮದುವೆ ಮನೆಯಲ್ಲಿ ಇದು ವರ, ರಸ್ತೆಯಲ್ಲಿ ಅಲ್ಲ. ಸುತ್ತಲಿನ ಸದ್ದನ್ನೆಲ್ಲ ಸಮನಾಗಿ ತೆಗೆದುಕೊಳ್ಳುವ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳಿ. ಎರಡೂ ಕಿವಿ ಮಂದವಿದ್ದರೆ ದುಡ್ಡು ಉಳಿಸಲು ಒಂದಕ್ಕೆ ಮಾತ್ರ ಹಾಕಿಸಬೇಡಿ, ದಿಕ್ಕು ತಪ್ಪುತ್ತದೆ. ಹೆಲ್ಮೆಟ್ ತಾಗಿ ಮಿಷನ್ ಕುಯ್ ಅನ್ನುತ್ತಿದ್ದರೆ ಹೆಲ್ಮೆಟ್ ತಂದು ತೋರಿಸಿ, ಅಲ್ಲೇ ಸರಿ ಮಾಡಬಹುದು. ಕಿವಿಯೊಳಗೆ ಕೂರುವ ಮಾದರಿಗೆ ಈ ತೊಂದರೆ ಕಡಿಮೆ. "ಹೆಲ್ಮೆಟ್ ಹಾಕಿದ್ರೆ ಹಾರ್ನ್ ಕೇಳಿಸಲ್ಲ" ಅನ್ನುವ ಮಾತನ್ನೂ ತುಂಬಾ ಕೇಳುತ್ತೇನೆ. 60 ಕಿಲೋಮೀಟರ್ ವೇಗದ ಹತ್ತಿರ ಕಿವಿಯಲ್ಲಿ ಗಾಳಿಯ ಸದ್ದೇ 90 ಡೆಸಿಬೆಲ್ ಆಸುಪಾಸು ಇರುತ್ತದೆ. ಹೆಲ್ಮೆಟ್ ಹಾರ್ನನ್ನು ತಗ್ಗಿಸುವಾಗ ಸುತ್ತಲಿನ ಗದ್ದಲವನ್ನೂ ತಗ್ಗಿಸುತ್ತದೆ, ಹಾಗಾಗಿ ಎರಡರ ನಡುವಿನ ಅಂತರ ಹೆಚ್ಚು ಬದಲಾಗುವುದಿಲ್ಲ. ಹೆಲ್ಮೆಟ್ ತೆಗೆದು ಹಾರ್ನ್ ಕೇಳಿಸಿಕೊಳ್ಳುವ ಬದಲು ವೇಗ ಇಳಿಸಿ.