ಇನ್ನೂರು ಫೋನ್ ಕರೆಗಳು, ಒಬ್ಬ ಡಾಕ್ಟರರ ಕ್ಷಮಾಪಣೆ

ಸಲಿಂಗಿಗಳನ್ನು "ಸರಿಮಾಡುತ್ತೇವೆ" ಎನ್ನುವವರು ಇವತ್ತಿಗೂ ಎತ್ತಿ ತೋರಿಸುವ ಅಧ್ಯಯನವೊಂದಿದೆ. ಅದನ್ನು ಮಾಡಿದವರು ಸಾಮಾನ್ಯರಲ್ಲ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದಾಗ ಮುಂದೆ ನಿಂತು ಅದನ್ನು ಮಾಡಿಸಿದವರಲ್ಲಿ ಅವರೇ ಮುಖ್ಯರು. ಅಂಥವರು 2001ರ ಮೇ ತಿಂಗಳಲ್ಲಿ ಅದೇ ಸಂಘದ ಸಭೆಯಲ್ಲಿ ಎದ್ದುನಿಂತು, ಮನಸ್ಸು ಮಾಡಿದರೆ ಕೆಲವರ ಒಲವು ಬದಲಾಗಬಹುದು ಎಂದಾಗ ಸುದ್ದಿ ಪ್ರಪಂಚದಾದ್ಯಂತ ಹರಡಿತು. ಕಾಯಿಲೆ ಅಲ್ಲ ಎಂದವರೇ ಈಗ ವಾಸಿಯಾಗುತ್ತದೆ ಎನ್ನುತ್ತಿದ್ದಾರಲ್ಲ ಎಂದು ಹಲವರಿಗೆ ಖುಷಿಯೋ ಖುಷಿ.

ಹೀಗೆ ಒಲವನ್ನು ಬದಲಿಸಹೊರಡುವ ಕನ್ವರ್ಷನ್ ಥೆರಪಿಯನ್ನು ವೈದ್ಯಲೋಕ ಯಾಕೆ ತಳ್ಳಿಹಾಕಿತು ಎಂದು ತಿಳಿಯಲು ಈ ಅಧ್ಯಯನವನ್ನು ಬಿಚ್ಚಿ ನೋಡಿದರೆ ಸಾಕು.

ಸ್ಪಿಟ್ಜರ್ ಮಾಡಿದ್ದು ಇಷ್ಟು. ತಮ್ಮ ಒಲವು ಬದಲಾಗಿದೆ, ಆ ಬದಲಾವಣೆ ಐದು ವರ್ಷವಾದರೂ ಉಳಿದಿದೆ ಎನ್ನುವವರನ್ನು ಹುಡುಕಿದರು. 143 ಗಂಡಸರು, 57 ಹೆಂಗಸರು, ಒಟ್ಟು ಇನ್ನೂರು ಜನ ಸಿಕ್ಕರು. ಪ್ರತಿಯೊಬ್ಬರಿಗೂ ಫೋನ್ ಮಾಡಿ ಸುಮಾರು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು: ಚಿಕಿತ್ಸೆಗೆ ಮುಂಚೆ ಯಾರ ಕಡೆಗೆ ಎಷ್ಟು ಸೆಳೆತವಿತ್ತು, ಈಗ ಎಷ್ಟಿದೆ? ಉತ್ತರಗಳನ್ನು ಕೂಡಿಸಿ ನೋಡಿ, ಗಂಡಸರಲ್ಲಿ ಮೂರನೇ ಎರಡರಷ್ಟು ಜನ ಈಗ ಹೆಣ್ಣಿನೊಂದಿಗೆ ಚೆನ್ನಾಗಿ ಸಂಸಾರ ಮಾಡುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಬಂದರು. 2003ರಲ್ಲಿ ಇದು ಲೈಂಗಿಕತೆಯ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದೇ ಸಂಚಿಕೆಯಲ್ಲಿ ಇತರ ತಜ್ಞರ ಇಪ್ಪತ್ತಕ್ಕೂ ಹೆಚ್ಚು ಟಿಪ್ಪಣಿಗಳೂ ಇದ್ದವು, ಬಹುಪಾಲು ಕಟುವಾಗಿದ್ದವು.

ಎಲ್ಲಿ ಎಡವಿದರು? ಮೊದಲನೆಯದಾಗಿ, ಜನರನ್ನು ಆರಿಸಿದ ರೀತಿ. ಬಹಳಷ್ಟು ಜನ ಬಂದದ್ದು ಇಂಥ "ಬದಲಾವಣೆ"ಯನ್ನೇ ಸಾರುವ ಧಾರ್ಮಿಕ ಸಂಸ್ಥೆಗಳಿಂದ, ಅದನ್ನೇ ವೃತ್ತಿ ಮಾಡಿಕೊಂಡ ಚಿಕಿತ್ಸಕರ ಕಡೆಯಿಂದ. ಹೆಚ್ಚಿನವರು ಈ ಪ್ರಯತ್ನದ ಪರವಾಗಿ ಬಹಿರಂಗವಾಗಿ ಮಾತಾಡಿದ್ದವರು. ಚಿಕಿತ್ಸೆಗೆ ಹೋಗಿ ಏನೂ ಆಗದೆ ಬಿಟ್ಟುಬಂದವರು, ಹಾಳಾಗಿ ಹೋದವರು ಈ ಲೆಕ್ಕಕ್ಕೆ ಸೇರಲೇ ಇಲ್ಲ. ಸಿಇಟಿ ಕೋಚಿಂಗ್ ಸೆಂಟರಿನವರು ಪೇಪರಿನಲ್ಲಿ ರ‍್ಯಾಂಕ್ ಬಂದವರ ಫೋಟೋಗಳನ್ನು ಮಾತ್ರ ಹಾಕುತ್ತಾರಲ್ಲ, ಹಾಗೆ. ಸೇರಿದವರು ಎಷ್ಟು ಜನ ಎನ್ನುವುದು ಆ ಜಾಹೀರಾತಿನಲ್ಲಿ ಎಂದೂ ಇರುವುದಿಲ್ಲ. ಹಾಗಾಗಿ ನೂರು ಜನ ಹೋದರೆ ಎಷ್ಟು ಜನಕ್ಕೆ ಗುಣವಾಯಿತು ಎಂಬ ಸರಳ ಪ್ರಶ್ನೆಗೂ ಸ್ಪಿಟ್ಜರ್ ಬಳಿ ಉತ್ತರವಿರಲಿಲ್ಲ.

ಎರಡನೆಯ ತಪ್ಪು ಇನ್ನೂ ಆಳದ್ದು. ಅಳೆದದ್ದು ಸೆಳೆತವನ್ನಲ್ಲ, ಸೆಳೆತದ ಬಗ್ಗೆ ಜನ ಆಡಿದ ಮಾತನ್ನು. ಸಲಿಂಗಿಯಾಗಿರುವುದು ಪಾಪ ಎಂದು ನಂಬಿದ, ಹೆಂಡತಿ ಮಕ್ಕಳಿರುವ, ಸಭೆಗಳಲ್ಲಿ ನಿಂತು "ನಾನು ಗೆದ್ದೆ" ಎಂದು ಸಾಕ್ಷಿ ಹೇಳಿದ ಮನುಷ್ಯ ಫೋನಿನಲ್ಲಿ ಬೇರೆ ಏನು ತಾನೆ ಹೇಳಿಯಾನು? ಅವನು ಸುಳ್ಳು ಹೇಳುತ್ತಿದ್ದಾನೆ ಎಂದೇ ಅಲ್ಲ. ತನಗೆ ತಾನೇ ಹೇಳಿಕೊಂಡದ್ದನ್ನು ನಂಬಿರಲೂಬಹುದು. ಜೊತೆಗೆ ಹತ್ತಾರು ವರ್ಷದ ಹಿಂದಿನ ಭಾವನೆಗೆ ಈವತ್ತು ಅಂಕ ಹಾಕು ಎಂದರೆ, ಈಗಿನ ಗೆಲುವು ದೊಡ್ಡದಾಗಿ ಕಾಣಲೆಂದು ಅಂದಿನ ಕಷ್ಟ ತಾನಾಗಿಯೇ ಹಿಗ್ಗುತ್ತದೆ.

ವಿಚಿತ್ರವೆಂದರೆ ಮಾತಿಗೂ ಸೆಳೆತಕ್ಕೂ ಇರುವ ಈ ಅಂತರವನ್ನು ನಲವತ್ತು ವರ್ಷ ಮುಂಚೆಯೇ ಪ್ರಾಗ್‌ನಲ್ಲಿ ಒಬ್ಬರು ಕಂಡುಕೊಂಡಿದ್ದರು. ಕುರ್ಟ್ ಫ್ರಾಯಿಂಡ್ ಎಂಬ ಜೆಕ್ ಮನೋವೈದ್ಯ 1950ರ ದಶಕದಲ್ಲಿ ಸಲಿಂಗಿ ಗಂಡಸರ ಮೇಲೆ ಜುಗುಪ್ಸೆಯ ಚಿಕಿತ್ಸೆ ಪ್ರಯೋಗಿಸಿದರು. ವಾಂತಿ ಬರಿಸುವ ಔಷಧ ಕೊಡುವುದು, ಹೊಟ್ಟೆ ತೊಳಸುವ ಹೊತ್ತಿಗೆ ಗಂಡಸರ ಚಿತ್ರಗಳನ್ನು ತೋರಿಸುವುದು. ಬಳಿಕ ಇನ್ನೊಂದು ಹಂತದಲ್ಲಿ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಕೊಟ್ಟು ಹೆಣ್ಣಿನ ಚಿತ್ರಗಳನ್ನು ತೋರಿಸುವುದು. ಫ್ರಾಯಿಂಡ್ ಕ್ರೂರಿಯಾಗಿದ್ದರೋ ಇಲ್ಲವೋ, ಪ್ರಾಮಾಣಿಕರಾಗಿದ್ದರು: 67 ಜನರನ್ನು ವರ್ಷಗಟ್ಟಲೆ ಬೆನ್ನುಹತ್ತಿ ವಿಚಾರಿಸಿದರು. ಕೆಲವರು ಮದುವೆಯಾಗಿದ್ದರು, ಕೆಲವರಿಗೆ ಮಕ್ಕಳೂ ಇದ್ದವು. ಆದರೆ ಒಳಗಿನ ಸೆಳೆತ ಇದ್ದಲ್ಲೇ ಇತ್ತು. ಪ್ರಚೋದನೆಯಾದಾಗ ಶಿಶ್ನದ ಗಾತ್ರದಲ್ಲಾಗುವ ಬದಲಾವಣೆಯನ್ನು ಅಳೆಯುವ ಉಪಕರಣವನ್ನು ರೂಪಿಸಿದವರೂ ಇವರೇ. ಸೈನ್ಯಕ್ಕೆ ಸೇರುವುದನ್ನು ತಪ್ಪಿಸಿಕೊಳ್ಳಲು ಸಲಿಂಗಿ ಎಂದು ಹೇಳಿಕೊಳ್ಳುವವರನ್ನು ಪತ್ತೆಹಚ್ಚಲು ಅದನ್ನು ಮೊದಲು ಬಳಸಿದರಂತೆ! ಹೀಗಾಗಿ ಬಾಯಿ ಒಂದು ಹೇಳಿದರೆ ದೇಹ ಇನ್ನೊಂದು ಹೇಳಬಹುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ, ಗುಣವಾಯಿತೆಂದುಕೊಂಡ ಯಾವುದೂ ಹೆಚ್ಚುಕಡಿಮೆ ಉಳಿಯಲಿಲ್ಲ ಎಂದು ಅವರೇ ಬರೆದರು. ಆ ಚಿಕಿತ್ಸೆಯನ್ನು ಕೈಬಿಟ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಕಾನೂನಿನ ವಿರುದ್ಧ ವಾದಿಸಿದರು. ಜೆಕೊಸ್ಲೊವಾಕಿಯಾ 1961ರಲ್ಲಿ ಆ ಕಾನೂನನ್ನು ತೆಗೆದುಹಾಕಿತು.

ಸ್ಪಿಟ್ಜರ್ ಅಲ್ಲಿಗೆ ಬರಲು ಇನ್ನೂ ಐವತ್ತು ವರ್ಷ ಬೇಕಾಯಿತು. 2012ರಲ್ಲಿ, ಪಾರ್ಕಿನ್ಸನ್ ಕಾಯಿಲೆಯಿಂದ ಬಳಲುತ್ತಿದ್ದ ಎಂಬತ್ತರ ಹೊಸ್ತಿಲಿನ ಮನುಷ್ಯ, ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದರು. ಜನ ಹೇಳಿದ್ದು ನಿಜವೇ ಎಂದು ತಿಳಿಯುವ ದಾರಿಯೇ ತನ್ನ ಅಧ್ಯಯನದಲ್ಲಿ ಇರಲಿಲ್ಲ, ಟೀಕಾಕಾರರು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡರು. ಸಲಿಂಗಿಗಳ ಕ್ಷಮೆ ಕೇಳಿದರು. ಮುಖ್ಯವಾಗಿ, ತನ್ನ ಮಾತು ನಂಬಿ ಇಂಥ ಚಿಕಿತ್ಸೆಗಳಲ್ಲಿ ವರ್ಷಗಳನ್ನು ಕಳೆದವರ ಕ್ಷಮೆ. ಇಂಥ ಸಂಸ್ಥೆಗಳಲ್ಲೆಲ್ಲ ದೊಡ್ಡದಾಗಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್‌ನ ಅಧ್ಯಕ್ಷರೂ ಅದೇ ವರ್ಷ, ತಾನು ಭೇಟಿಯಾದವರಲ್ಲಿ ಶೇ. 99.9ರಷ್ಟು ಜನರ ಸೆಳೆತ ಬದಲಾಗಿಲ್ಲ ಎಂದರು. 2013ರಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು.

ಇಷ್ಟೇ ಆಗಿದ್ದರೆ ಇದನ್ನು ಕೆಲಸಕ್ಕೆ ಬಾರದ ಚಿಕಿತ್ಸೆ ಎಂದು ಬಿಟ್ಟುಬಿಡಬಹುದಿತ್ತು. ಗುಣ ಮಾಡದ ಎಷ್ಟೋ ಮದ್ದುಗಳು ಜಗತ್ತಿನಲ್ಲಿವೆ. ಆದರೆ ಇದು ನಂಬಿದವರನ್ನು ತಿನ್ನುತ್ತದೆ, ಮತ್ತು ತಿನ್ನುವ ದಾರಿ ಆ ಚಿಕಿತ್ಸೆಯೊಳಗೇ ಇದೆ. ಟೈಫಾಯಿಡ್ ಔಷಧ ಕೆಲಸ ಮಾಡದಿದ್ದರೆ ಡಾಕ್ಟರು ಔಷಧ ಬದಲಿಸುತ್ತಾರೆ, ರೋಗಿಯನ್ನು ಬೈಯುವುದಿಲ್ಲ. ಇಲ್ಲಿ ತದ್ವಿರುದ್ಧ. ಸೆಳೆತ ಹೋಗಲಿಲ್ಲ ಎಂದರೆ "ನೀನು ಮನಸ್ಸು ಗಟ್ಟಿ ಮಾಡಲಿಲ್ಲ", "ನಿನಗೆ ಭಕ್ತಿ ಸಾಲದು". ಸೋಲು ಯಾವಾಗಲೂ ಚಿಕಿತ್ಸೆಯದಲ್ಲ, ಚಿಕಿತ್ಸೆ ಪಡೆದವರದು. ಮೊದಲೇ ನಾಚಿಕೆಯಿಂದ ಕುಗ್ಗಿರುವ ಹದಿನಾರರ ಹುಡುಗನಿಗೆ ಅಪ್ಪ ಅಮ್ಮನ ದುಡ್ಡು, ನಿರೀಕ್ಷೆ, ದೇವರು ಎಲ್ಲವನ್ನೂ ನಿರಾಸೆಗೊಳಿಸಿದೆ ಎಂಬ ಹೊರೆ ಇನ್ನೊಂದು.

ಇದರ ಪರಿಣಾಮವನ್ನು ಸ್ಯಾನ್ ಫ್ರಾನ್ಸಿಸ್ಕೋದ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು 2018ರಲ್ಲಿ ಅಂಕಿಗಳಲ್ಲಿ ಇಟ್ಟರು. ಲೈಂಗಿಕ ಅಲ್ಪಸಂಖ್ಯಾತರಾದ, 21ರಿಂದ 25 ವರ್ಷದ 245 ಯುವಜನರನ್ನು ಅವರು ಕೇಳಿದ್ದು: ಹದಿಹರೆಯದಲ್ಲಿ ನಿಮ್ಮ ಒಲವನ್ನು ಬದಲಿಸಲು ಯಾರಾದರೂ ಪ್ರಯತ್ನಿಸಿದರೇ? ಯಾರೂ ಪ್ರಯತ್ನಿಸದವರಲ್ಲಿ ಆತ್ಮಹತ್ಯೆಗೆ ಯತ್ನಿಸಿದ್ದವರು ಶೇ. 22. ಮನೆಯಲ್ಲಿ ಅಪ್ಪ ಅಮ್ಮ ಪ್ರಯತ್ನಿಸಿದ್ದರೆ ಶೇ. 48. ಅಪ್ಪ ಅಮ್ಮನ ಜೊತೆಗೆ ಚಿಕಿತ್ಸಕರ ಅಥವಾ ಧರ್ಮಗುರುಗಳ ಬಳಿಯೂ ಕರೆದೊಯ್ದಿದ್ದರೆ ಶೇ. 63. ಮೊದಲ ಅಂಕಿಯೇ ಗಾಬರಿ ಹುಟ್ಟಿಸುವಂಥದ್ದು, ಇಂಥವರೆಲ್ಲರ ಮೇಲಿನ ಸಮಾಜದ ಒತ್ತಡ ಅದರಲ್ಲಿ ಕಾಣುತ್ತದೆ. ಮುಂದಿನವು ಅದರ ಮೇಲೆ ಏರಿದ್ದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇದು ಹಿಂದಿನದನ್ನು ನೆನಪಿಸಿಕೊಂಡು ಹೇಳಿದ ಸಮೀಕ್ಷೆ, ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ. ಚಿಕಿತ್ಸೆಗೆ ಎಳೆದೊಯ್ಯುವ ಮನೆ ಬೇರೆ ರೀತಿಯಲ್ಲೂ ಕಟುವಾಗಿರಬಹುದು. ಹಾಗಂತ ಮಕ್ಕಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಇದನ್ನು ಕೊಟ್ಟು ನೋಡುವ ಪ್ರಯೋಗವನ್ನು ಯಾವ ನೈತಿಕ ಸಮಿತಿಯೂ ಒಪ್ಪಲಾರದು. ಆದರೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ? ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2009ರಲ್ಲಿ 83 ಅಧ್ಯಯನಗಳನ್ನು ಜಾಲಾಡಿದಾಗ, ಇದು ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ರೋಗವಿಲ್ಲ, ಲಾಭವಿಲ್ಲ, ಅಪಾಯ ಮಾತ್ರ ಇದೆ. ಇಂಥದ್ದನ್ನು ವೈದ್ಯಶಾಸ್ತ್ರ ಚಿಕಿತ್ಸೆ ಎನ್ನುವುದಿಲ್ಲ. ಟ್ರಾನ್ಸ್ ಸಮುದಾಯದಲ್ಲೂ ಚಿತ್ರ ಇದೇ. 27,715 ಜನರ ಅಮೆರಿಕದ ಸಮೀಕ್ಷೆಯನ್ನು ವಿಶ್ಲೇಷಿಸಿದಾಗ, ಲಿಂಗತ್ವದ ಗುರುತನ್ನು ಬದಲಿಸುವ ಪ್ರಯತ್ನಕ್ಕೆ ಒಳಗಾದವರಲ್ಲಿ, ಅದರಲ್ಲೂ ಹತ್ತು ವರ್ಷ ತುಂಬುವ ಮುಂಚೆ ಒಳಗಾದವರಲ್ಲಿ, ಆತ್ಮಹತ್ಯೆಯ ಯತ್ನಗಳು ಬಹಳ ಹೆಚ್ಚಿದ್ದವು.

ನಮ್ಮಲ್ಲಿ? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗ ಒಲವನ್ನು ಪಟ್ಟಿಯಿಂದ ತೆಗೆದರೂ, "ತನ್ನ ಒಲವು ತನಗೇ ಬೇಡವೆನಿಸಿದರೆ" ಎಂಬ ಸಣ್ಣ ಕಿಂಡಿಯೊಂದನ್ನು ಉಳಿಸಿಕೊಂಡಿತ್ತು. ಮಗನನ್ನು ಕರೆತಂದ ತಂದೆಯ ಮುಂದೆ "ನಿನಗೆ ಬದಲಾಗಬೇಕು ಅನ್ನಿಸುತ್ತಾ?" ಎಂದು ಕೇಳಿ, ಅವನು ತಲೆಯಾಡಿಸಿದರೆ ಚಿಕಿತ್ಸೆ ಶುರುಮಾಡಲು ಈ ಕಿಂಡಿ ಸಾಕಾಗುತ್ತಿತ್ತು. ಅಪ್ಪ ಪಕ್ಕದಲ್ಲಿ ಕೂತಿರುವಾಗ ಹುಡುಗ ಬೇರೇನು ಹೇಳುತ್ತಾನೆ! ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2001ರಲ್ಲಿ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ ಹೊರತಂದ ವರದಿ, ಪೊಲೀಸರ ದೌರ್ಜನ್ಯದ ಜೊತೆಗೆ ವೈದ್ಯರ ಧೋರಣೆಯನ್ನೂ ದಾಖಲಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ, 2022ರಿಂದ ಜಾರಿಯಲ್ಲಿರುವುದು, ಆ ಕಿಂಡಿಯನ್ನೂ ಮುಚ್ಚಿದೆ.

2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್, ಮನೆಯವರ ವಿರೋಧದಿಂದ ಓಡಿಬಂದ ಇಬ್ಬರು ಹೆಣ್ಣುಮಕ್ಕಳ ಮೊಕದ್ದಮೆಯಲ್ಲಿ, ಒಲವನ್ನು ವೈದ್ಯಕೀಯವಾಗಿ "ಗುಣಪಡಿಸುವ" ಪ್ರಯತ್ನಗಳನ್ನು ನಿಷೇಧಿಸಿದರು. ತೀರ್ಪಿಗೆ ಮುಂಚೆ ವಿಷಯ ತಿಳಿಯಲು ಸ್ವತಃ ಮನಶ್ಶಾಸ್ತ್ರಜ್ಞರ ಬಳಿ ಹೋಗಿ ಕೂತಿದ್ದರು ಅವರು. ನ್ಯಾಯಾಧೀಶರೊಬ್ಬರು ಇದನ್ನು ಹೇಳಿಕೊಂಡದ್ದು ನನಗೆ ತೀರ್ಪಿನಷ್ಟೇ ದೊಡ್ಡದು. ಅದರ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಕನ್ವರ್ಷನ್ ಥೆರಪಿ ವೃತ್ತಿದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು. ಅಂದರೆ ಕರ್ನಾಟಕದಲ್ಲಿ ಯಾವುದೇ ನೋಂದಾಯಿತ ವೈದ್ಯರು "ಇದಕ್ಕೆ ಮಾತ್ರೆ ಇದೆ", "ಹಾರ್ಮೋನ್ ಕೊಟ್ಟರೆ ಸರಿಹೋಗುತ್ತೆ" ಎಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಗುರುತಿಸುವುದು ಕಷ್ಟವಲ್ಲ: ಒಲವು ಬದಲಿಸುವುದನ್ನೇ ಗುರಿಯಾಗಿ ಹೇಳುವುದು, ಮಗುವನ್ನು ಒಂಟಿಯಾಗಿ ಮಾತಾಡಿಸದೆ ಅಪ್ಪ ಅಮ್ಮನ ಬಾಯಿಂದಲೇ ಎಲ್ಲ ಕೇಳುವುದು, ವಾಸಿಯಾಗುವ ಖಾತ್ರಿ ಕೊಡುವುದು. ಒಳ್ಳೆಯ ಮನೋವೈದ್ಯರು ಖಿನ್ನತೆಗೆ, ನಿದ್ದೆಗೇಡಿಗೆ, ಮನೆಯ ಜಗಳಕ್ಕೆ ಚಿಕಿತ್ಸೆ ಕೊಡುತ್ತಾರೆ, ಒಲವನ್ನು ಮುಟ್ಟುವುದಿಲ್ಲ. ಯಾರ ಹತ್ತಿರ ಹೋಗುವುದೋ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಯಾವ ಹೊತ್ತಿಗಾದರೂ, ಕನ್ನಡದಲ್ಲೇ ಮಾತಾಡಬಹುದು.

ಆದರೆ ಈ ಆದೇಶದ ಕೈ ನೋಂದಾಯಿತ ವೈದ್ಯರವರೆಗೆ ಮಾತ್ರ ಚಾಚುತ್ತದೆ. ಬೋರ್ಡು ಹಾಕಿಕೊಂಡು ಕೂತ ಪದವಿಯಿಲ್ಲದ "ಕೌನ್ಸಿಲರ್" ಮೇಲೆ, ಯಂತ್ರ ಕಟ್ಟಿಕೊಡುವವರ ಮೇಲೆ, ಉಪವಾಸ ಮಾಡಿಸುವ ಮಠ ಮಂದಿರ ಚರ್ಚುಗಳ ಮೇಲೆ ಪರಿಷತ್ತಿಗೆ ಅಧಿಕಾರವಿಲ್ಲ. "ಒಂದು ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತೆ" ಎನ್ನುವ ಸೋದರಮಾವನ ಮೇಲಂತೂ ಇಲ್ಲವೇ ಇಲ್ಲ. ಫ್ರಾಯಿಂಡ್ ಬೆನ್ನುಹತ್ತಿ ನೋಡಿದ ಗಂಡಸರಲ್ಲೂ ಕೆಲವರು ಮದುವೆಯಾದವರೇ. ಹಾಗೆ ಮದುವೆಯಾದ ಮನೆಗಳಲ್ಲಿ ಬೆಲೆ ತೆತ್ತವರು ಇಬ್ಬರು, ಆ ಗಂಡಸು ಮತ್ತು ಏನೂ ತಿಳಿಯದೆ ಕೈಹಿಡಿದ ಹೆಂಗಸು. ರಯಾನ್ ಅವರ ಅಂಕಿಗಳಲ್ಲಿ ಶೇ. 22ರಿಂದ 48ಕ್ಕೆ ಏರಿದ ಆ ದೊಡ್ಡ ಹೆಜ್ಜೆಗೆ ಯಾವ ಡಾಕ್ಟರೂ ಕಾರಣರಲ್ಲ, ಅದು ಪೂರ್ತಿ ಮನೆಯೊಳಗೇ ನಡೆದದ್ದು.