ಸ್ಟಾಂಪ್ ಪೇಪರ್ ಮೇಲೆ ಟೈಪಾದ ಕರಾರನ್ನು ತಿದ್ದಿಸಬಹುದಾ?

ಪ್ರಶ್ನೆ: ಹಾಸನದ ವಿದ್ಯಾನಗರದಲ್ಲಿ ಬಾಡಿಗೆ ಮನೆ ಗೊತ್ತು ಮಾಡಿದ್ದೇವೆ. ಬಾಡಿಗೆ 9,000, ಅಡ್ವಾನ್ಸ್ 90,000 ರೂಪಾಯಿ. ಓನರ್ ಕಳಿಸಿದ ಕರಾರಿನಲ್ಲಿ ಅಡ್ವಾನ್ಸ್ ವಾಪಸ್ಸು ಮತ್ತು ನೋಟಿಸಿನ ಷರತ್ತು ನಮಗೆ ಒಪ್ಪಿಗೆಯಿಲ್ಲ. ಸ್ಟಾಂಪ್ ಪೇಪರ್ ಆದ ಮೇಲೆ ಬದಲಾಯಿಸೋಕೆ ಆಗಲ್ಲ ಅಂತಾರೆ. ನಿಜಾನಾ?

ಉತ್ತರ: ನಿಜವಲ್ಲ, ಬದಲಾಯಿಸಬಹುದು. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಸ್ಟಾಂಪ್ ಅಂದರೆ ಸರ್ಕಾರಕ್ಕೆ ಕಟ್ಟಿದ ಶುಲ್ಕ, ಅಷ್ಟೇ. ಶುಲ್ಕ ಕಟ್ಟಿದ ಮಾತ್ರಕ್ಕೆ ಒಪ್ಪಂದ ಆಗಿಬಿಡುವುದಿಲ್ಲ. ಇಬ್ಬರೂ ಒಪ್ಪಿದರೆ ಆಗುತ್ತದೆ. ಓನರ್ ಮಾತ್ರ ಸಹಿ ಹಾಕಿದ್ದರೂ ಅದು ಅವರ ಕಡೆಯ ಪ್ರಸ್ತಾಪ, ನೀವು ವಾಪಸ್ ಕಳಿಸಬಹುದು. ಸ್ಟಾಂಪ್ ದುಡ್ಡು ಹಾಳಾಗುತ್ತದೆ ಅನ್ನೋ ಭಯವೂ ಬೇಡ. ಸಾಮಾನ್ಯವಾಗಿ ಮೊದಲ ಹಾಳೆಯಲ್ಲಿ ಹೆಸರು, ವಿಳಾಸ ಇರುತ್ತವೆ, ಷರತ್ತುಗಳು ಹಿಂದಿನ ಬಿಳಿ ಹಾಳೆಗಳಲ್ಲಿ. ಆ ಹಾಳೆಗಳನ್ನಷ್ಟೇ ಮತ್ತೆ ಟೈಪ್ ಮಾಡಿಸಿದರೆ ಸಾಕು. ಷರತ್ತು ಮೊದಲ ಹಾಳೆಯಲ್ಲೇ ಇದ್ದರೆ ಹೊಡೆದುಹಾಕಿ, ಪಕ್ಕದಲ್ಲಿ ಹೊಸದು ಬರೆದು, ಅಲ್ಲೇ ಇಬ್ಬರೂ ಸಹಿ ಹಾಕಬೇಕು. ಒಬ್ಬರೇ ತಿದ್ದಿದರೆ ನಡೆಯುವುದಿಲ್ಲ.

ಒಂದು ಎಚ್ಚರಿಕೆ. ಅಡ್ವಾನ್ಸ್ ಕೊಟ್ಟು, ಕೀ ತೆಗೆದುಕೊಂಡು, ಸಾಮಾನು ಇಳಿಸಿದ ಮೇಲೆ ತಿದ್ದುಪಡಿ ಕೇಳಬೇಡಿ. ಸಹಿ ಇಲ್ಲದಿದ್ದರೂ ನಡವಳಿಕೆಯಲ್ಲಿ ಒಪ್ಪಿದಿರಿ ಅಂತ ವಾದ ಬರಬಹುದು. ಮೊದಲೇ ಪತ್ರ ಕೊಡಿ, ಹೀಗೆ:

"ಮಾನ್ಯರೇ, ನಮಸ್ಕಾರ. ತಾವು ಕಳಿಸಿದ ಕರಾರು ಪತ್ರವನ್ನು ಸಹಿ ಮಾಡದೆ ಹಿಂದಿರುಗಿಸುತ್ತಿದ್ದೇನೆ. ಬಾಡಿಗೆ, ಅಡ್ವಾನ್ಸ್ ಮೊತ್ತಕ್ಕೆ ನಮ್ಮ ಒಪ್ಪಿಗೆಯಿದೆ. ಎರಡು ಬದಲಾವಣೆ ಕೋರುತ್ತೇನೆ. 4ನೇ ಷರತ್ತಿನಲ್ಲಿ 'ಅನುಕೂಲವಾದಾಗ ಹಿಂದಿರುಗಿಸತಕ್ಕದ್ದು' ಎಂಬುದರ ಬದಲು 'ಕೀ ಒಪ್ಪಿಸಿದ ದಿನವೇ, ಬಾಕಿ ಬಾಡಿಗೆ ಹಾಗೂ ಬಿಲ್ ಸಹಿತ ದುರಸ್ತಿ ಖರ್ಚು ಮಾತ್ರ ಕಳೆದು' ಎಂದಿರಲಿ. 7ನೇ ಷರತ್ತಿನಲ್ಲಿ ನಮಗೆ 3 ತಿಂಗಳು, ತಮಗೆ 1 ತಿಂಗಳು ಎಂದಿರುವ ನೋಟಿಸನ್ನು ಇಬ್ಬರಿಗೂ 2 ತಿಂಗಳು ಮಾಡಿ, ನೋಟಿಸ್ ತಲುಪಿದ ದಿನದಿಂದ ಲೆಕ್ಕ ಎಂದು ಸೇರಿಸಲು ವಿನಂತಿ."

90,000ವನ್ನು ಕಡಿಮೆ ಮಾಡಿ ಅಂತ ಬೇಕಂತಲೇ ಕೇಳಿಲ್ಲ. ಮಾತಾದ ಮೊತ್ತಕ್ಕೆ ಕೈಹಾಕಿದರೆ ಮನಸ್ತಾಪ ಜಾಸ್ತಿ. ನಿಮ್ಮನ್ನು ಮುಂದೆ ಕಾಡುವುದು ಆ 'ಅನುಕೂಲವಾದಾಗ' ಅನ್ನೋ ಪದ. ಮುಂದಿನ ಬಾಡಿಗೆದಾರರು ಬರುವ ತನಕ ಓನರ್‌ಗೆ ಅನುಕೂಲ ಆಗದೇ ಇರಬಹುದು, ಅಲ್ವಾ? ಪತ್ರದ ಒಂದು ಪ್ರತಿ ಇಟ್ಟುಕೊಳ್ಳಿ, ವಾಟ್ಸಾಪ್‌ನಲ್ಲೂ ಫೋಟೋ ಕಳಿಸಿ.

ಹಾಗಾದರೆ ನೋಟಿಸಿನ ಷರತ್ತನ್ನೇ ತೆಗೆಸಿದರೆ? ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ತೆಗೆಸಬೇಡಿ. ತಿಂಗಳ ಬಾಡಿಗೆಯ ಮನೆಗೆ ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಸಾಕು. ಮಕ್ಕಳ ಪರೀಕ್ಷೆ ಹತ್ತಿರ ಬಂದಾಗ 15 ದಿನದಲ್ಲಿ ಬೇರೆ ಮನೆ ಹುಡುಕೋದು ಎಲ್ಲಿಂದ?